ಸಿಮೆಂಟು ಬೇರೆ, ಕೂಲಿ ಬೇರೆ, ತೆರಿಗೆ ಮಾತ್ರ ಒಂದೇ

ಮನೆ ರಿಪೇರಿಯ ಗುತ್ತಿಗೆದಾರರು ಕೊಡುವ ಬಿಲ್ಲಿಗೆ ಒಂದು ಹಳೆಯ ರೂಪವಿದೆ. ಮೇಲೆ ಸಿಮೆಂಟು, ಕಬ್ಬಿಣ, ಟೈಲ್ಸ್, ಮರಳು ಎಂದು ಸಾಮಾನಿನ ಪಟ್ಟಿ. ಅದರ ಕೆಳಗೆ ‘ಲೇಬರ್’ ಎಂಬ ಒಂದೇ ಸಾಲು. ಸಾಮಾನಿನ ಪಕ್ಕದಲ್ಲಿ ಅದರದರ ಜಿಎಸ್‌ಟಿ ದರ ಇರುತ್ತದೆ, ಲೇಬರ್ ಪಕ್ಕದಲ್ಲಿ ಸೊನ್ನೆ. ‘ಕೂಲಿಗೆಲ್ಲಿಯ ಟ್ಯಾಕ್ಸು ಸಾರ್?’ ಎಂದು ಕೇಳಿದರೆ ಮಾಲೀಕರಿಗೂ ಸರಿಯೆನಿಸುತ್ತದೆ. ಕಾನೂನಿನ ಪ್ರಕಾರ ಮಾತ್ರ ಈ ಬಿಲ್ಲು ತಪ್ಪು.

ಹೀಗೆ ಒಡೆದು ಬರೆಯುವ ರೂಢಿ ಸುಮ್ಮನೆ ಹುಟ್ಟಿದ್ದಲ್ಲ. 1958ರಲ್ಲಿ ಗ್ಯಾನನ್ ಡಂಕರ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಟ್ಟಡದ ಗುತ್ತಿಗೆಯನ್ನು ಬಿಡಿಸಿ ಅದರೊಳಗಿನ ಸಾಮಾನಿಗೆ ರಾಜ್ಯಗಳು ಮಾರಾಟ ತೆರಿಗೆ ಹಾಕುವಂತಿಲ್ಲ ಎಂದಿತು. 1982ರಲ್ಲಿ ಸಂವಿಧಾನದ 46ನೇ ತಿದ್ದುಪಡಿ ಬಂದು, ಗುತ್ತಿಗೆಯಲ್ಲಿ ಬಳಸಿದ ಸಾಮಾನಿನ ಭಾಗಕ್ಕೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗೆ ಸಿಕ್ಕಿತು. ಅಲ್ಲಿಂದ ಸಾಮಾನೆಷ್ಟು, ಕೂಲಿಯೆಷ್ಟು ಎಂಬ ಲೆಕ್ಕವೇ ಮುಖ್ಯವಾಯಿತು. ಕರ್ನಾಟಕದ ವ್ಯಾಟ್ ಕಾಲದಲ್ಲಿ ಗುತ್ತಿಗೆದಾರರ ಬಳಿ ಕೂಲಿಯ ಸರಿಯಾದ ಲೆಕ್ಕವಿಲ್ಲದಿದ್ದರೆ ಸಿವಿಲ್ ಕೆಲಸಕ್ಕೆ ಶೇ 30ರಷ್ಟನ್ನು ಕೂಲಿಯೆಂದು ಕಳೆದು, ಉಳಿದ ಶೇ 70ರ ಮೇಲೆ ವ್ಯಾಟ್ ಹಾಕುತ್ತಿದ್ದರು. ಅತ್ತ ಕೇಂದ್ರ ಸರ್ಕಾರ ಅದೇ ಬಿಲ್ಲಿನಲ್ಲಿ ಹೊಸ ಕಟ್ಟಡವಾದರೆ ಶೇ 40ರಷ್ಟನ್ನು ಸೇವೆಯೆಂದು ಎಣಿಸಿ ಸೇವಾ ತೆರಿಗೆ ಹಾಕುತ್ತಿತ್ತು. ಎರಡೂ ಕೂಡಿದರೆ ನೂರಹತ್ತು! ನೂರು ರೂಪಾಯಿಯ ಕೆಲಸದಲ್ಲಿ ನೂರಹತ್ತು ರೂಪಾಯಿಗೆ ತೆರಿಗೆ ಬೀಳುತ್ತಿದ್ದ ಈ ವಿಚಿತ್ರ ಕಾಗದದ ಮೇಲೆ ಕಾನೂನುಬದ್ಧವೇ ಆಗಿತ್ತು.

2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಈ ಜಗಳ ಮುಗಿಯಿತು. ನೆಲಕ್ಕೆ ಅಂಟಿಕೊಂಡ ಆಸ್ತಿಯನ್ನು, ಅಂದರೆ ಸ್ಥಿರಾಸ್ತಿಯನ್ನು ಕಟ್ಟುವ, ದುರಸ್ತಿ ಮಾಡುವ, ನವೀಕರಿಸುವ ಕೆಲಸವನ್ನು ಸಾಮಾನಿನ ಸಮೇತ ಒಪ್ಪಿಕೊಂಡರೆ ಅದು ‘ವರ್ಕ್ಸ್ ಕಾಂಟ್ರಾಕ್ಟ್’. ಕಾನೂನು ಅದನ್ನು ಇಡಿಯಾಗಿ ಒಂದು ಸೇವೆಯೆಂದೇ ಪರಿಗಣಿಸುತ್ತದೆ. ಖಾಸಗಿ ಮನೆಯ ಇಂಥ ಕೆಲಸಕ್ಕೆ ಒಟ್ಟು ಮೊತ್ತದ ಮೇಲೆ ಶೇ 18. ಮರಳಿಗೆ ಬೇರೆ ದರ, ಕೂಲಿಗೆ ಸೊನ್ನೆ ಎಂಬುದಕ್ಕೆ ಅಲ್ಲಿ ಜಾಗವಿಲ್ಲ.

ಒಂದು ಲೆಕ್ಕ ನೋಡೋಣ. ಹಳೆಯ ಮನೆಯೊಂದರ ಅಡುಗೆಮನೆ, ಬಚ್ಚಲುಮನೆ ಒಡೆದು ಹೊಸದಾಗಿ ಮಾಡುವ ಕೆಲಸ ಆರು ಲಕ್ಷಕ್ಕೆ ಮಾತಾಗಿದೆ ಎನ್ನಿ. ಸಿಮೆಂಟು, ಕಬ್ಬಿಣ, ಟೈಲ್ಸ್ ಮೂರೂವರೆ ಲಕ್ಷ, ಮರಳು-ಜಲ್ಲಿ 50 ಸಾವಿರ, ಕೂಲಿ ಎರಡು ಲಕ್ಷ. ಹಳೆಯ ರೂಪದ ಬಿಲ್ಲಿನಲ್ಲಿ ಮೊದಲನೆಯದಕ್ಕೆ ಶೇ 18ರಂತೆ 63,000, ಮರಳು-ಜಲ್ಲಿಗೆ ಶೇ 5ರಂತೆ 2,500, ಕೂಲಿಗೆ ಏನೂ ಇಲ್ಲ. ಒಟ್ಟು ತೆರಿಗೆ 65,500 ರೂಪಾಯಿ. ಸರಿಯಾದ ಬಿಲ್ಲಿನಲ್ಲಿ ಇಡೀ ಆರು ಲಕ್ಷಕ್ಕೆ ಶೇ 18, ಅಂದರೆ 1,08,000 ರೂಪಾಯಿ. ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ.

ನಡುವಿನ ವ್ಯತ್ಯಾಸ 42,500. ಇಲಾಖೆಯವರು ಲೆಕ್ಕ ತೆಗೆದಾಗ ಈ ಹಣವನ್ನೂ ವರ್ಷಕ್ಕೆ ಶೇ 18ರ ಬಡ್ಡಿಯನ್ನೂ ಗುತ್ತಿಗೆದಾರರೇ ಕಟ್ಟಬೇಕು, ದಂಡ ಬಿದ್ದರೆ ಅದು ಬೇರೆ. ಆಗ ಅವರು ಮನೆ ಮಾಲೀಕರ ಬಾಗಿಲಿಗೆ ಬರುತ್ತಾರೆ, ಹಳೆಯ ಸ್ನೇಹ ಅಲ್ಲಿಗೆ ಮುಗಿಯುತ್ತದೆ.

ಹಾಗಾದರೆ ಗುತ್ತಿಗೆದಾರರು ಸಿಮೆಂಟಿಗೆ ಅಂಗಡಿಯಲ್ಲಿ ಕಟ್ಟಿದ ತೆರಿಗೆ ನಷ್ಟವೇ? ಅಲ್ಲ. ಅವರು ನೋಂದಣಿಯಾಗಿದ್ದು, ಪಕ್ಕಾ ಬಿಲ್ಲಿನಲ್ಲಿ ಸಾಮಾನು ಕೊಂಡಿದ್ದರೆ ಆ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಕಳೆದುಕೊಳ್ಳಬಹುದು. ಮಾಲೀಕರು ಗಮನಿಸಬೇಕಾದ್ದು ಇಲ್ಲೇ. ಅಂಗಡಿಯಲ್ಲಿ ತೆರಿಗೆ ಸೇರಿ 400 ರೂಪಾಯಿಯ ಸಿಮೆಂಟ್ ಮೂಟೆಯಲ್ಲಿ ಮೂಲ ಬೆಲೆ ಸುಮಾರು 339, ತೆರಿಗೆ 61. ಆ 61 ಗುತ್ತಿಗೆದಾರರಿಗೆ ಕ್ರೆಡಿಟ್ ಆಗಿ ವಾಪಸ್ಸು ಬರುತ್ತದೆ. ಆದ್ದರಿಂದ ಅಂದಾಜು ಪಟ್ಟಿಯಲ್ಲಿ ಮೂಟೆಗೆ 339 ಹಿಡಿದು ಶೇ 18 ಸೇರಿಸಿದರೆ ನಿಮಗೆ ಮತ್ತೆ 400 ರೂಪಾಯಿಯೇ. 400ನ್ನೇ ಮೂಲ ಬೆಲೆ ಮಾಡಿ ಅದರ ಮೇಲೆ ತೆರಿಗೆ ಹಾಕಿದರೆ 472 ಆಗುತ್ತದೆ. ಲಾಭ ಇಟ್ಟುಕೊಳ್ಳುವುದು ಅವರ ಹಕ್ಕು, ಆದರೆ ತೆರಿಗೆಯ ಮೇಲೆ ತೆರಿಗೆ ಕೊಡುತ್ತಿದ್ದೇವೆಂಬುದು ಮಾಲೀಕರಿಗೆ ತಿಳಿದಿರಲಿ. ನನ್ನ ಮಟ್ಟಿಗೆ, ದರದ ಬಗ್ಗೆ ಚೌಕಾಸಿ ಮಾಡುವವರು ಮೊದಲು ಕೇಳಬೇಕಾದ ಪ್ರಶ್ನೆ ಇದು.

ಕೂಲಿಗೆ ನಿಜವಾಗಿಯೂ ತೆರಿಗೆ ಇಲ್ಲದ ಸಂದರ್ಭವೂ ಇದೆ. ಸಾಮಾನೆಲ್ಲ ನೀವೇ ನಿಮ್ಮ ಹೆಸರಿನಲ್ಲಿ ಕೊಂಡು, ಮೇಸ್ತ್ರಿಗೆ ಬರಿಯ ಲೇಬರ್ ಕಾಂಟ್ರಾಕ್ಟ್ ಕೊಟ್ಟು, ಒಂದು ಕುಟುಂಬದ ವಾಸಕ್ಕೆ ಒಂಟಿ ಮನೆಯನ್ನು ಹೊಸದಾಗಿ ಕಟ್ಟಿಸಿದರೆ ಆ ಕೂಲಿಗೆ ಜಿಎಸ್‌ಟಿ ವಿನಾಯಿತಿ ಇದೆ. ಇದರ ಒಂದೊಂದು ಮಾತಿಗೂ ತೂಕವಿದೆ. ಮೇಸ್ತ್ರಿ ಸಿಮೆಂಟು, ಕಂಬಿ ತಾನೇ ಹಾಕಿಕೊಂಡರೆ ಅದು ಬರಿಯ ಲೇಬರ್ ಕಾಂಟ್ರಾಕ್ಟ್ ಆಗಿ ಉಳಿಯುವುದಿಲ್ಲ. ಸುಸ್ಥಿತಿಯಲ್ಲಿರುವ ಹಳೆಯ ಮನೆಗೆ ಬಣ್ಣ ಬಳಿಯುವುದು, ಟೈಲ್ಸ್ ಬದಲಿಸುವುದು ಹೊಸ ನಿರ್ಮಾಣವಲ್ಲ, ಹಾಗಾಗಿ ನೋಂದಾಯಿತ ಗುತ್ತಿಗೆದಾರರು ಆ ಕೂಲಿಗೂ ಶೇ 18 ಹಾಕಲೇಬೇಕು. ಇನ್ನು ಬೆಂಗಳೂರಿನಲ್ಲಿ ಎಲ್ಲರೂ ಮಾಡುವ ಹಾಗೆ ಕೆಳಗೆ ತಾವಿದ್ದು ಮೇಲಿನ ಎರಡು ಅಂತಸ್ತಿನಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿದರೆ, ಒಂದಕ್ಕಿಂತ ಹೆಚ್ಚು ಮನೆಗಳಿರುವ ಕಟ್ಟಡವಾಗಿ ವಿನಾಯಿತಿ ಕೈತಪ್ಪುತ್ತದೆ. ಬಹಳ ಜನ ಎಡವುವುದು ಇಲ್ಲೇ.

ಈ ವಿನಾಯಿತಿಯ ಆಸೆಗೆ ಕೆಲವರು ಒಬ್ಬರೇ ಗುತ್ತಿಗೆದಾರರಿಂದ ಎರಡು ಕಾಗದ ಮಾಡಿಸುತ್ತಾರೆ: ಒಂದು ಸಾಮಾನು ಮಾರಿದ್ದಕ್ಕೆ, ಇನ್ನೊಂದು ಕೂಲಿಗೆ. ಕೆಲಸ ಒಂದೇ, ಮಾತುಕತೆ ಒಂದೇ ಆಗಿದ್ದರೆ ಅಧಿಕಾರಿಗಳು ಎರಡೂ ಕಾಗದವನ್ನು ಜೋಡಿಸಿ ಓದುತ್ತಾರೆ. ಸಾಮಾನಿನ ಬಿಲ್ಲು ಅಂಗಡಿಯಿಂದ ನೇರವಾಗಿ ನಿಮ್ಮ ಹೆಸರಿಗೆ ಬಂದಿದ್ದು, ಹಣವೂ ನಿಮ್ಮ ಖಾತೆಯಿಂದಲೇ ಹೋಗಿದ್ದರೆ ಮಾತ್ರ ಈ ವಿಂಗಡಣೆಗೆ ಗಟ್ಟಿ ಆಧಾರವಿರುತ್ತದೆ.

ಕಾರು ರಿಪೇರಿಗೆ ಈ ನಿಯಮ ಹೊಂದುವುದಿಲ್ಲ. ಕಾರು ಸ್ಥಿರಾಸ್ತಿಯಲ್ಲ, ಆದ್ದರಿಂದ ಅದು ವರ್ಕ್ಸ್ ಕಾಂಟ್ರಾಕ್ಟೂ ಅಲ್ಲ. ಗ್ಯಾರೇಜಿನವರು ಬಿಡಿಭಾಗ ಮತ್ತು ಕೂಲಿಯನ್ನು ಬೇರೆ ಬೇರೆ ತೋರಿಸಿದರೆ ಆಯಾ ದರ ಹಾಕಬಹುದೆಂದು 2018ರಲ್ಲೇ ಕೇಂದ್ರ ತೆರಿಗೆ ಮಂಡಳಿ ಸುತ್ತೋಲೆ ಹೊರಡಿಸಿದೆ. ಅದನ್ನು ನೋಡಿಯೇ ಮನೆಯ ಬಿಲ್ಲನ್ನೂ ಹಾಗೇ ಮಾಡುವವರಿದ್ದಾರೆ.

ಗುತ್ತಿಗೆದಾರರಿಗೂ ಒಂದು ಮಾತು. ವರ್ಕ್ಸ್ ಕಾಂಟ್ರಾಕ್ಟ್ ಸೇವೆಯಾದ್ದರಿಂದ ನೋಂದಣಿಯ ಮಿತಿ ಕರ್ನಾಟಕದಲ್ಲಿ ವರ್ಷಕ್ಕೆ 20 ಲಕ್ಷದ ವಹಿವಾಟು. ಸಾಮಾನು ಮಾತ್ರ ಮಾರುವವರ 40 ಲಕ್ಷದ ಮಿತಿ ಇವರಿಗಿಲ್ಲ. ಸಾಮಾನಿನ ಮುಂಗಡಕ್ಕೆ ತೆರಿಗೆ ಬೀಳುವುದು ಬಿಲ್ಲು ಮಾಡಿದಾಗ. ಇಲ್ಲಿ ಮುಂಗಡ ಕೈಗೆ ಬಂದಾಗಲೇ ತೆರಿಗೆಯ ಹೊಣೆ ಹುಟ್ಟುತ್ತದೆ. ನೋಂದಣಿಯಿಲ್ಲದ ಗುತ್ತಿಗೆದಾರರು ಜಿಎಸ್‌ಟಿ ಎಂದು ಒಂದು ರೂಪಾಯಿಯನ್ನೂ ವಸೂಲು ಮಾಡುವಂತಿಲ್ಲ.

ಸಾಮಾನು-ಕೂಲಿಯ ವಿವರ ಬೇಡವೆಂದಲ್ಲ. ಎಷ್ಟು ಮೂಟೆ ಹೋಯಿತು, ಎಷ್ಟು ಚದರಡಿ ಟೈಲ್ಸ್ ಹಾಕಿದರು ಎಂಬ ಪಟ್ಟಿಯನ್ನು ಬಿಲ್ಲಿನ ಜೊತೆ ಲಗತ್ತಾಗಿ ಧಾರಾಳವಾಗಿ ಕೇಳಿ ಪಡೆಯಿರಿ. ಬಿಲ್ಲಿನಲ್ಲಿ ಮಾತ್ರ 9954ರಿಂದ ಶುರುವಾಗುವ ನಿರ್ಮಾಣ ಸೇವೆಯ ಕೋಡ್, ಒಟ್ಟು ಮೊತ್ತ, ಅದರ ಮೇಲೆ ಒಂದೇ ದರದ ತೆರಿಗೆ ಇರಬೇಕು. ಕರಾರಿಗೆ ಸಹಿ ಹಾಕುವ ಮೊದಲೇ ‘ಈ ದರದಲ್ಲಿ ಜಿಎಸ್‌ಟಿ ಸೇರಿದೆಯೋ ಇಲ್ಲವೋ’ ಎಂಬುದನ್ನು ಅಕ್ಷರದಲ್ಲಿ ಬರೆಸಿಕೊಳ್ಳಿ, ಗುತ್ತಿಗೆದಾರರ ಜಿಎಸ್‌ಟಿ ಸಂಖ್ಯೆಯನ್ನು ಸರ್ಕಾರದ ಪೋರ್ಟಲಿನಲ್ಲಿ ಹಾಕಿ ಅದು ಚಾಲ್ತಿಯಲ್ಲಿದೆಯೇ ಎಂದು ನೋಡಿಕೊಳ್ಳಿ.