ಮಗುವಿಗೆ ನೆಗಡಿ ಇದ್ದರೆ ಅಂದೇ ಲಸಿಕೆ ಹಾಕಿಸಬಹುದೇ?

ಹೇಳಿಕೆ: “ಮಗುವಿಗೆ ಶೀತ ಇರುವಾಗ ಚುಚ್ಚುಮದ್ದು ಹಾಕಿಸಬೇಡಿ. ಶೀತ ಎದೆಗೆ ಇಳಿಯುತ್ತದೆ, ಲಸಿಕೆಯೂ ಹಿಡಿಯುವುದಿಲ್ಲ.”

ನಿಜಾಂಶ: ತಪ್ಪು. ಬರೀ ಮೂಗು ಸೋರುವುದು, ಸಣ್ಣ ಕೆಮ್ಮು ಅಥವಾ 38.5 ಡಿಗ್ರಿ ಸೆಲ್ಸಿಯಸ್‌ಗಿಂತ (ಸುಮಾರು 101.3 ಫ್ಯಾರನ್‌ಹೀಟ್) ಕಡಿಮೆ ಜ್ವರ ಇದ್ದರೆ ಲಸಿಕೆ ಮುಂದೂಡಬೇಕಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಒಂದು ಉದಾಹರಣೆ ನೋಡೋಣ

ಜುಲೈ ತಿಂಗಳು. ಸಕಲೇಶಪುರದ ಕಡೆಯ ಒಂದು ಕಾಫಿ ತೋಟದ ಲೈನ್ ಮನೆ. ಮಗುವಿಗೆ ಒಂಬತ್ತು ತಿಂಗಳು ತುಂಬಿದೆ. ಅಂಗನವಾಡಿಗೆ ಸಿಸ್ಟರ್ ಬಂದಿದ್ದಾರೆ, ಕರೆಯಲು ಆಶಾ ಕಾರ್ಯಕರ್ತೆ ಮನೆ ಬಾಗಿಲಲ್ಲಿ ನಿಂತಿದ್ದಾರೆ. ಮಗುವಿನ ಮೂಗು ಎರಡು ದಿನದಿಂದ ಸೋರುತ್ತಿದೆ. “ಮುಂದಿನ ಸಲ ಹಾಕಿಸೋಣ ಬಿಡಿ” ಎನ್ನುತ್ತಾರೆ ಅಜ್ಜಿ.

ಅಂದು ಹಾಕಬೇಕಾದ ಲಸಿಕೆಗಳಲ್ಲಿ ದಡಾರ-ರುಬೆಲ್ಲಾದ ಮೊದಲ ಡೋಸ್ ಮತ್ತು ಪಿಸಿವಿ ಬೂಸ್ಟರ್ ಇವೆ. ಪಿಸಿವಿ ನ್ಯುಮೋನಿಯಾ ತರುವ ಒಂದು ಮುಖ್ಯ ಬ್ಯಾಕ್ಟೀರಿಯಾದ ವಿರುದ್ಧದ ಲಸಿಕೆ. ಅಂದರೆ ಶೀತ ಎದೆಗೆ ಇಳಿದೀತು ಎಂಬ ಭಯದಲ್ಲಿ, ಎದೆಯನ್ನು ಕಾಯುವ ಲಸಿಕೆಯನ್ನೇ ತಪ್ಪಿಸಿದ ಹಾಗಾಗುತ್ತದೆ.

“ನಾಳೆ ಬರ್ತೀವಿ” ಎಂದರೂ ಕಷ್ಟ. ದಡಾರ-ರುಬೆಲ್ಲಾ ಲಸಿಕೆಯ ಸೀಸೆಯಲ್ಲಿ ಹಲವು ಮಕ್ಕಳಿಗಾಗುವಷ್ಟು ಡೋಸ್ ಇರುತ್ತದೆ. ಪುಡಿಗೆ ದ್ರಾವಣ ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಎಸೆಯಬೇಕು. ಹಾಗಾಗಿ ತಪ್ಪಿದ ಡೋಸ್ ಅದೇ ಅಂಗನವಾಡಿಯಲ್ಲಿ ಸಿಗುವುದು ಮುಂದಿನ ಲಸಿಕಾ ದಿನಕ್ಕೇ. ಅಷ್ಟರಲ್ಲಿ ಇನ್ನೊಂದು ನೆಗಡಿ ಬಂದಿರಬಹುದು. ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರೆಂಟು ಬಾರಿ ನೆಗಡಿ ಬರುವುದು ಸಾಮಾನ್ಯ. ತಾಯಿಯಿಂದ ಬಂದ ದಡಾರದ ರಕ್ಷಣೆಯಂತೂ ಒಂಬತ್ತು ತಿಂಗಳ ಹೊತ್ತಿಗೆ ಬಹುಪಾಲು ಕರಗಿರುತ್ತದೆ.

ನೆಗಡಿಯಲ್ಲಿ ಲಸಿಕೆ ಹಿಡಿಯುತ್ತದೆಯೇ?

ಈ ಅನುಮಾನ ವೈದ್ಯರಿಗೂ ಬಂದಿತ್ತು. ನೆಗಡಿ ಇದ್ದ ಮಕ್ಕಳಲ್ಲಿ ದಡಾರ ಲಸಿಕೆ ಅಷ್ಟಾಗಿ ಹಿಡಿಯಲಿಲ್ಲ ಎಂದು 1991ರಲ್ಲಿ ಅಮೆರಿಕದ ಒಂದು ಅಧ್ಯಯನ ಹೇಳಿತು. ಅದರಲ್ಲಿದ್ದ ಮಕ್ಕಳು ಸುಮಾರು ನೂರು ಮಾತ್ರ. ನಂತರದ ವರ್ಷಗಳಲ್ಲಿ ಬೇರೆ ಸಂಶೋಧಕರು ಮತ್ತೆ ಪರೀಕ್ಷಿಸಿದಾಗ, ನೆಗಡಿ ಇದ್ದವರಿಗೂ ಇಲ್ಲದವರಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಸಲಹೆ ಬದಲಾಗಲಿಲ್ಲ.

ಹಾಗಾದರೆ ಯಾವಾಗ ಕಾಯಬೇಕು?

ಮನೆಯಲ್ಲೇ ಮೂರು ವಿಷಯ ನೋಡಿ. ಮೊದಲನೆಯದು ಜ್ವರ. ಕೈ ಮುಟ್ಟಿ ಅಂದಾಜು ಮಾಡಬೇಡಿ, ಥರ್ಮಾಮೀಟರ್ ಇಡಿ. ಎರಡನೆಯದು, ಮಗು ಹಾಲು ಕುಡಿಯುತ್ತಿದೆಯೇ, ಕಣ್ಣು ಬಿಟ್ಟು ಆಡುತ್ತಿದೆಯೇ ಎಂಬುದು. ಮೂರನೆಯದು ಉಸಿರು. ಮಗು ಅಳದೆ ಸುಮ್ಮನಿರುವಾಗ ಅಂಗಿ ಮೇಲೆತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರು. ಮೂಗು ಕಟ್ಟಿ ಗೊರಗೊರ ಎನ್ನುತ್ತಿದ್ದರೂ ಎಣಿಕೆ ಇದಕ್ಕಿಂತ ಕಡಿಮೆ ಇದ್ದು, ಮಗು ಲವಲವಿಕೆಯಿಂದಿದ್ದರೆ ಅದು ಬರೀ ನೆಗಡಿಯೇ ಇರಬಹುದು.

ವೇಗದ ಉಸಿರು, ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುವುದು, ಹಾಲು ಬಿಟ್ಟು ಮಂಕಾಗಿರುವುದು, ಇವುಗಳಲ್ಲಿ ಯಾವುದಿದ್ದರೂ ಅಂಗನವಾಡಿಗಲ್ಲ, ನೇರವಾಗಿ ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಗೋ ಆಲೂರಿನ ತಾಲ್ಲೂಕು ಆಸ್ಪತ್ರೆಗೋ ಹೋಗಿ. ಜ್ವರ ಜೋರಾಗಿದ್ದರೂ ವೈದ್ಯರಿಗೆ ತೋರಿಸಿ. ಆಗ ಲಸಿಕೆ ಕೆಲವು ದಿನ ಮುಂದೆ ಹೋಗಬಹುದು. ಅದಕ್ಕೆ ಮುಖ್ಯ ಕಾರಣ, ನಂತರ ಜ್ವರ ಏರಿದರೆ ಅದು ಕಾಯಿಲೆಯದೋ ಲಸಿಕೆಯದೋ ಎಂದು ಗೊತ್ತಾಗದೆ ಚಿಕಿತ್ಸೆಗೆ ತೊಡಕಾಗುವುದು.

ಲಸಿಕೆ ಹಾಕಿಸಿದ ರಾತ್ರಿ ಜ್ವರ ಬಂದರೆ?

ಗೊಂದಲ ಶುರುವಾಗುವುದು ಇಲ್ಲೇ. ಪೆಂಟಾವಲೆಂಟ್, ಪಿಸಿವಿಯಂಥ ಲಸಿಕೆಗಳ ಜ್ವರ ಸಾಮಾನ್ಯವಾಗಿ ಅಂದೋ ಮರುದಿನವೋ ಬಂದು, ಒಂದೆರಡು ದಿನದಲ್ಲಿ ಇಳಿಯುತ್ತದೆ. ದಡಾರ-ರುಬೆಲ್ಲಾದ್ದು ಬಂದರೆ ಏಳರಿಂದ ಹನ್ನೆರಡನೇ ದಿನದ ನಡುವೆ ಬರುತ್ತದೆ. ನಮ್ಮ ಉದಾಹರಣೆಯ ಮಗುವಿಗೆ ಅದೇ ರಾತ್ರಿ ಮೈ ಬಿಸಿಯಾದರೆ ಅದು ಪಿಸಿವಿಯದ್ದಾಗಿರಬಹುದು ಅಥವಾ ಮೊದಲೇ ಇದ್ದ ನೆಗಡಿಯದ್ದಾಗಿರಬಹುದು, ದಡಾರ ಲಸಿಕೆಯದ್ದಲ್ಲ. ಕೆಮ್ಮು ಹೆಚ್ಚಿದರೆ ಅದು ನೆಗಡಿಯದೇ ಮುಂದುವರಿಕೆ. ಜ್ವರ ಎರಡು ದಿನ ದಾಟಿದರೆ ಅಥವಾ ಉಸಿರಿನ ಎಣಿಕೆ ಏರಿದರೆ ಕಾಯದೆ ತೋರಿಸಿ.

ಅಜ್ಜಿಗೆ ಹೀಗೆ ಹೇಳಬಹುದು: “ಅಜ್ಜಿ, ತಾಯಿ ಕಾರ್ಡ್ ಹಿಡ್ಕೊಂಡು ಹೋಗಿ ಸಿಸ್ಟರ್‌ಗೆ ಶೀತ ಇದೆ ಅಂತ ಹೇಳೋಣ. ಹಾಕಬೇಕೋ ಬೇಡವೋ ಅಂತ ಅವರು ಮಗು ನೋಡಿ ಹೇಳ್ಲಿ.” ಹಿಂದಿನ ಡೋಸ್‌ನಲ್ಲಿ ತೀವ್ರ ಅಲರ್ಜಿ ಆಗಿದ್ದರೆ ಅದನ್ನೂ ಮರೆಯದೆ ಹೇಳಿ. ಮೂಗು ಸೋರುತ್ತಿದೆ ಎಂಬ ಒಂದೇ ಕಾರಣಕ್ಕೆ ಮನೆಯಲ್ಲಿ ಉಳಿಯಬೇಡಿ.