ಎಡಿಟಿಂಗ್ ಕಲಿಯೋಕೆ ಲ್ಯಾಪ್‌ಟಾಪಾ, ಡೆಸ್ಕ್‌ಟಾಪಾ?

ಕೈಲಿರೋದು 45 ಸಾವಿರ, ಎಡಿಟ್ ಮಾಡೋದು ಮನೇಲೇ ಅಂದ್ರೆ ಡೆಸ್ಕ್‌ಟಾಪ್ ತಗೊಳ್ಳಿ. ತೆಳ್ಳಗಿನ ಲ್ಯಾಪ್‌ಟಾಪ್ ಎಕ್ಸ್‌ಪೋರ್ಟ್ ಹೊತ್ತಲ್ಲಿ ಬಿಸಿಯಾಗಿ ತಾನೇ ವೇಗ ಇಳಿಸ್ಕೊಳ್ಳುತ್ತೆ. ಡೆಸ್ಕ್‌ಟಾಪ್‌ನಲ್ಲಿ ಗಾಳಿ ಆಡುತ್ತೆ, ರ‍್ಯಾಮ್ ಆಮೇಲೂ ಸೇರಿಸ್ಬಹುದು.

ಆದ್ರೆ ಮಾನಿಟರ್, ಯುಪಿಎಸ್ ದುಡ್ಡೂ ಇದರಲ್ಲೇ ಬರ್ಬೇಕು. ಅದಕ್ಕೇ ಸದ್ಯ ಗ್ರಾಫಿಕ್ಸ್ ಕಾರ್ಡ್ ಬೇಡ. ಆಗ ಪ್ರೊಸೆಸರ್ ಹೆಸರನ್ನ ಕೊನೇ ಅಕ್ಷರದವರೆಗೂ ಓದಿ. ಇಂಟೆಲ್ i5-12400 ಒಳಗೇ ಗ್ರಾಫಿಕ್ಸ್ ಇದೆ, ಫೋನಿನ H.265 ವಿಡಿಯೋ ಸರಾಗವಾಗಿ ಓಡಿಸೋಕೆ ಅದೇ ನೆರವಾಗುತ್ತೆ. ಅಂಗಡಿಯವರು i5-12400F ಅಗ್ಗ ಅಂದ್ರೆ ಒಪ್ಕೋಬೇಡಿ. ಅದರಲ್ಲಿ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಹಾಕದೆ ಮಾನಿಟರ್‌ಗೆ ಚಿತ್ರವೇ ಬರಲ್ಲ.

ಹಾಸ್ಟೆಲ್‌ನಲ್ಲಿದ್ರೆ ಲ್ಯಾಪ್‌ಟಾಪೇ ಸರಿ, ಖಾಲಿ ರ‍್ಯಾಮ್ ಸ್ಲಾಟ್ ಇದೆಯಾ ಕೇಳಿ. ಟೈಮ್‌ಲೈನ್‌ನಲ್ಲಿ ವಿಡಿಯೋ ತಡವರಿಸಿದ್ರೆ ಪ್ರಾಕ್ಸಿ ಮಾಡ್ಕೊಳ್ಳಿ. ಅಂದ್ರೆ, ಕಟಿಂಗ್ ಎಲ್ಲಾ ಹಗುರವಾದ ನಕಲು ಫೈಲ್ ಮೇಲೆ, ಎಕ್ಸ್‌ಪೋರ್ಟ್ ಮಾತ್ರ ಮೂಲ ಫೈಲ್‌ನಿಂದ.