ಗೆದ್ದದ್ದು 3,20,000, ಖಾತೆಗೆ ಬಂದದ್ದು 2,24,000

ಟಿ.ವಿ. ಕ್ವಿಜ್‌ನಲ್ಲಿ ನಿರೂಪಕರು ಚಪ್ಪಾಳೆಯ ನಡುವೆ ಕೊಡುವ ಚೆಕ್‌ ಮೇಲೆ 3,20,000 ಎಂದಿರುತ್ತದೆ. ಕೆಲವು ವಾರಗಳ ಬಳಿಕ ಬ್ಯಾಂಕ್ ಖಾತೆಗೆ ಜಮೆಯಾಗುವುದು 2,24,000. ಉಳಿದ 96,000 ರೂಪಾಯಿಯನ್ನು ಆಯೋಜಕರು ಶೇ 30ರ ಲೆಕ್ಕದಲ್ಲಿ ಮುರಿದುಕೊಂಡು, ಗೆದ್ದವರ ಪ್ಯಾನ್ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟಿರುತ್ತಾರೆ. ಬಹುಮಾನ 10,000 ರೂಪಾಯಿ ದಾಟಿದರೆ ಹೀಗೆ ಟಿಡಿಎಸ್ ಕಡಿತ ಮಾಡಲೇಬೇಕೆಂದು 1961ರ ಆದಾಯ ತೆರಿಗೆ ಕಾಯ್ದೆಯ 194ಬಿ ಕಲಂ ಹೇಳುತ್ತದೆ. ಲಾಟರಿಗೂ ಇದೇ ನಿಯಮ. ಕರ್ನಾಟಕದಲ್ಲಿ 2007ರಿಂದ ಲಾಟರಿ ಮಾರಾಟವಿಲ್ಲ. ಆದರೂ ಗಡಿ ದಾಟಿ ಕೇರಳದ ಟಿಕೆಟ್ ಕೊಳ್ಳುವವರು ನಮ್ಮಲ್ಲಿ ಕಡಿಮೆಯೇನಿಲ್ಲ.

ಈಗ ಗೆದ್ದವರು ಒಬ್ಬ ಗೃಹಿಣಿ ಎಂದುಕೊಳ್ಳೋಣ. 2025-26ರಲ್ಲಿ ಅವರಿಗೆ ಇದ್ದ ಬೇರೆ ಆದಾಯವೆಂದರೆ ಎಫ್‌ಡಿ ಬಡ್ಡಿ, 60,000 ರೂಪಾಯಿ. ‘ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆಯೇ ಇಲ್ಲವಲ್ಲ, ರಿಟರ್ನ್ ಹಾಕಿದರೆ 96,000 ಪೂರ್ತಿ ವಾಪಸ್ ಬರುತ್ತೆ’ ಎಂದು ನೆಂಟರಿಷ್ಟರಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಬರುವುದಿಲ್ಲ. ಬಹುಮಾನದ ಹಣಕ್ಕೆ 115ಬಿಬಿ ಕಲಂನಡಿ ನೇರವಾಗಿ ಶೇ 30 ತೆರಿಗೆ. ನಾಲ್ಕು ಲಕ್ಷದ ಮೂಲ ವಿನಾಯಿತಿಯಾಗಲಿ, 12 ಲಕ್ಷದವರೆಗಿನ ರಿಯಾಯಿತಿಯಾಗಲಿ ಅದಕ್ಕೆ ತಾಗುವುದಿಲ್ಲ. ಟಿಕೆಟ್ ಕೊಂಡ ದುಡ್ಡು, ಸ್ಟುಡಿಯೊಗೆ ಹೋಗಿಬಂದ ಖರ್ಚು ಯಾವುದನ್ನೂ ಕಳೆಯುವಂತಿಲ್ಲ. ಆಕೆಯ ಬಡ್ಡಿಗೆ ತೆರಿಗೆ ಸೊನ್ನೆ, ಬಹುಮಾನಕ್ಕೆ ಮಾತ್ರ ಪೂರ್ತಿ.

ಅಷ್ಟೇ ಅಲ್ಲ, ಆಕೆಯೇ ಇನ್ನೂ ಸ್ವಲ್ಪ ಕಟ್ಟಬೇಕು. ಆಯೋಜಕರು ಮುರಿದದ್ದು ಬರೀ ಶೇ 30. ಅದರ ಮೇಲೆ ಶೇ 4 ಸೆಸ್ ಇದೆ, ಅದನ್ನು ಅವರು ಹಿಡಿದಿರುವುದಿಲ್ಲ. ಒಟ್ಟು ತೆರಿಗೆ 99,840, ಕಟ್ಟಿರುವುದು 96,000, ಬಾಕಿ 3,840. ಆದಾಯ ನಾಲ್ಕು ಲಕ್ಷ ದಾಟಿಲ್ಲ ಎಂದು ರಿಟರ್ನ್ ಹಾಕದೆ ಕೂರುವಂತೆಯೂ ಇಲ್ಲ. ವರ್ಷದಲ್ಲಿ 25,000 ಅಥವಾ ಅದಕ್ಕಿಂತ ಹೆಚ್ಚು ಟಿಡಿಎಸ್ ಆಗಿದ್ದರೆ ರಿಟರ್ನ್ ಕಡ್ಡಾಯ. ಹಿರಿಯ ನಾಗರಿಕರಿಗೆ ಈ ಮಿತಿ 50,000.

ರಿಟರ್ನ್ ತುಂಬುವ ಮೊದಲು ಮೂರು ಕಾಗದ ಎದುರಿಗಿರಲಿ: ಆಯೋಜಕರು ಕೊಡಬೇಕಾದ ಫಾರಂ 16ಎ, ಇಲಾಖೆಯ ಪೋರ್ಟಲ್‌ನಲ್ಲಿ ಸಿಗುವ 26ಎಎಸ್ ಮತ್ತು ಎಐಎಸ್. ಮೂರರಲ್ಲೂ ಬಹುಮಾನ 3,20,000, ಟಿಡಿಎಸ್ 96,000 ಎಂದೇ ಇರಬೇಕು. ಐಟಿಆರ್-1ರಲ್ಲಿ ಬಹುಮಾನದ ಆದಾಯ ತೋರಿಸಲು ಆಗುವುದಿಲ್ಲ. ವ್ಯಾಪಾರ, ವೃತ್ತಿಯ ಆದಾಯ ಇಲ್ಲದವರಿಗೆ ಐಟಿಆರ್-2.

ಎಡವುವುದು ಹೆಚ್ಚಾಗಿ ಅದರೊಳಗಿನ Schedule OS ಪುಟದಲ್ಲಿ. ಕೈಗೆ ಬಂದದ್ದು ಇಷ್ಟೇ ತಾನೆ ಎಂದು ಅನೇಕರು 2,24,000 ಬರೆಯುತ್ತಾರೆ. ಎಐಎಸ್‌ನಲ್ಲಿ 3,20,000 ಇದೆ. ಪೂರ್ತಿ ಟಿಡಿಎಸ್ ಕೇಳಿ ಆದಾಯ ಮಾತ್ರ ಕಡಿಮೆ ತೋರಿಸಿದರೆ ನೋಟಿಸ್ ಬರುವುದು ಸಹಜ. ಇನ್ನು ಕೆಲವರು ಮೊತ್ತ ಸರಿಯಾಗಿ ಬರೆದರೂ, ಅದನ್ನು ಇತರೆ ಆದಾಯದ ಸಾಮಾನ್ಯ ಸಾಲಿಗೆ ಹಾಕಿಬಿಡುತ್ತಾರೆ. ಆಗ ಪೋರ್ಟಲ್ ಅದನ್ನು ಬಡ್ಡಿಯ ಜೊತೆ ಕೂಡಿಸಿ ತೆರಿಗೆ ಇಲ್ಲವೆಂದು ಲೆಕ್ಕ ಹಾಕಿ, ಕೊನೆಯಲ್ಲಿ 96,000 ರಿಫಂಡ್ ತೋರಿಸುತ್ತದೆ. ಆ ಅಂಕಿ ಕಂಡರೆ ಖುಷಿಪಡಬೇಡಿ, ಹಿಂದಕ್ಕೆ ಹೋಗಿ ನೋಡಿ. ಬಹುಮಾನ ಸೇರಬೇಕಾದ್ದು ವಿಶೇಷ ದರದ ಭಾಗದಲ್ಲಿರುವ 115BB ಸಾಲಿಗೆ. ಅದೇ ಪುಟದ ಕೆಳಗಿನ ಕೋಷ್ಟಕದಲ್ಲಿ ಹಣ ಯಾವ ಅವಧಿಯಲ್ಲಿ ಬಂತೆಂದೂ ತುಂಬಬೇಕು. ಟಿಡಿಎಸ್ ಪುಟದಲ್ಲಿ ಆಯೋಜಕರ ಟ್ಯಾನ್, 96,000 ಕಡಿತ, ಅದಕ್ಕೆ ಎದುರಾಗಿ 3,20,000 ಆದಾಯ. ಎಲ್ಲ ಸರಿಯಿದ್ದರೆ ಕೊನೆಗೆ ಬಾಕಿ 3,840 ಎಂದು ಕಾಣುತ್ತದೆ. ಅದನ್ನು e-Pay Taxನಲ್ಲಿ Self-Assessment Tax ಎಂದು ಕಟ್ಟಿ, ಚಲನ್ ವಿವರ ತುಂಬಿ, ಆಮೇಲೆ ರಿಟರ್ನ್ ಸಲ್ಲಿಸಿದರಾಯಿತು.

ಮೊತ್ತ ದೊಡ್ಡದಾದಷ್ಟೂ ಈ ಬಾಕಿ ಬೆಳೆಯುತ್ತದೆ. ಕೋಟಿ ಗೆದ್ದು ಬೇರೆ ಆದಾಯವೇ ಇಲ್ಲದವರಿಗೆ ತೆರಿಗೆ 30 ಲಕ್ಷ, ಆದಾಯ 50 ಲಕ್ಷ ದಾಟಿದ್ದಕ್ಕೆ ಶೇ 10 ಸರ್ಚಾರ್ಜ್ 3 ಲಕ್ಷ, ಸೆಸ್ 1.32 ಲಕ್ಷ. ಆಯೋಜಕರು ಮುರಿದದ್ದು 30 ಲಕ್ಷ ಮಾತ್ರ, ಆದ್ದರಿಂದ 4.32 ಲಕ್ಷ ನೀವೇ ಹೊಂದಿಸಬೇಕು. ಬಾಕಿ 10,000 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಮುಂಗಡ ತೆರಿಗೆ. ಗೆದ್ದ ಮೇಲೆ ಬರುವ ಕಂತುಗಳಲ್ಲಿ, ಕಂತು ಉಳಿದಿಲ್ಲದಿದ್ದರೆ ಮಾರ್ಚ್ 31ರೊಳಗೆ ಕಟ್ಟಬೇಕು. ಜುಲೈವರೆಗೆ ಕಾದರೆ ಬಡ್ಡಿ ಬೀಳುತ್ತದೆ. ಹಣ ಖರ್ಚಾದ ಮೇಲೆ ಇದು ತಿಳಿದು ಕಂಗಾಲಾಗುವವರೂ ಇದ್ದಾರೆ.

26ಎಎಸ್‌ನಲ್ಲಿ ಬಹುಮಾನದ ಸಾಲೇ ಇಲ್ಲದಿದ್ದರೆ? ಆಯೋಜಕರು ಪ್ಯಾನ್‌ನ ಒಂದು ಅಕ್ಷರ ತಪ್ಪು ಬರೆದಿರಬಹುದು, ಅಥವಾ ಆ ತ್ರೈಮಾಸಿಕದ 26ಕ್ಯೂ ಪಟ್ಟಿಯನ್ನು ಇನ್ನೂ ಸಲ್ಲಿಸಿಲ್ಲದಿರಬಹುದು. ಇದನ್ನು ತಿದ್ದಲು ನಿಮ್ಮಿಂದಾಗದು, ತಿದ್ದುಪಡಿ ಪಟ್ಟಿಯನ್ನು ಅವರೇ ಹಾಕಬೇಕು. ಪತ್ರ ಬರೆದು ಕೇಳಿ, ಪ್ರತಿ ಇಟ್ಟುಕೊಳ್ಳಿ. ಜನವರಿ-ಮಾರ್ಚ್ ಅವಧಿಯ ಪಟ್ಟಿಗೆ ಮೇ 31ರವರೆಗೆ ಅವಕಾಶವಿದೆ. ಅಷ್ಟಾದರೂ ಸರಿಹೋಗದೆ ಇಲಾಖೆ ಬಾಕಿ ಕೇಳಿದರೆ ಕಾಯ್ದೆಯ 205ನೇ ಕಲಂ ನಿಮ್ಮ ಪರವಿದೆ: ಒಮ್ಮೆ ಮುರಿದುಕೊಂಡ ತೆರಿಗೆಯನ್ನು ಗೆದ್ದವರಿಂದ ಮತ್ತೆ ವಸೂಲಿ ಮಾಡುವಂತಿಲ್ಲ. ಮುರಿದುಕೊಂಡದ್ದಕ್ಕೆ ಪುರಾವೆಯಾಗಿ ಆಯೋಜಕರ ಪಾವತಿ ಪತ್ರ ಮತ್ತು 2,24,000 ಜಮೆಯಾದ ಪಾಸ್‌ಬುಕ್ ಪುಟವನ್ನು ಉತ್ತರದ ಜೊತೆ ಲಗತ್ತಿಸಿ.